ಸೊನ್ನೆ ಎಲ್ಲಿ ತಪ್ಪಿತು? ಸಾರ್ಥಕ ಅಂಕಿಗಳ ವರ್ಕ್‌ಶೀಟ್ ತಿದ್ದುವ ಸಮಗ್ರ ಮಾರ್ಗದರ್ಶಿ

ಸಾರ್ಥಕ ಅಂಕಿಗಳ, ಅಂದರೆ ಅಳತೆಯ ನಿಖರತೆಯನ್ನು ತೋರಿಸುವ ಅಂಕಿಗಳ ವರ್ಕ್‌ಶೀಟ್‌ನಲ್ಲಿ ಆರು ಉತ್ತರ ತಪ್ಪಾದರೆ ಆರು ತಪ್ಪು ತಿಳಿವಳಿಕೆಗಳಿವೆ ಎಂದರ್ಥವಲ್ಲ. ಹೆಚ್ಚಿನ ಸಲ ತಲೆಯಲ್ಲಿ ಕೂತಿರುವುದು ಒಂದೇ ಒಂದು ತಪ್ಪು ನಿಯಮ. ಆ ನಿಯಮವನ್ನು ವಿದ್ಯಾರ್ಥಿ ಬಹಳ ನಿಷ್ಠೆಯಿಂದ ಪಾಲಿಸಿರುತ್ತಾನೆ. ಆದ್ದರಿಂದ ಇಂಥ ಹಾಳೆಯನ್ನು ತಿದ್ದುವವರ ಕೆಲಸ ತಪ್ಪಿಗೆ ಅಡ್ಡಗೆರೆ ಎಳೆದು ಮುಗಿಯುವುದಿಲ್ಲ. ಯಾವ ಸೊನ್ನೆಯನ್ನು ಯಾವ ಲೆಕ್ಕದಲ್ಲಿ ಬಿಟ್ಟರು, ಯಾವುದನ್ನು ಸೇರಿಸಿದರು ಎಂಬುದನ್ನು ಪತ್ತೆ ಮಾಡಬೇಕು. ಅಂಕಿ ಒಂದರಿಂದ ಒಂಬತ್ತರವರೆಗೆ ಇರುವಾಗ ಯಾರೂ ಎಡವುವುದಿಲ್ಲ. ಜಗಳವೆಲ್ಲ ಸೊನ್ನೆಯದು.

ಈ ಬರಹದಲ್ಲಿ ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನು ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ತಿದ್ದೋಣ. ಸ್ವಂತ ಉತ್ತರಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ವಿದ್ಯಾರ್ಥಿಗೂ ಇದೇ ಕ್ರಮ ಸಾಕು.

## ಹಾಳೆ

ಮೊದಲ ಆರರಲ್ಲಿ ಸಾರ್ಥಕ ಅಂಕಿಗಳು ಎಷ್ಟೆಂದು ಎಣಿಸಬೇಕು. ಉಳಿದ ನಾಲ್ಕನ್ನು ಮೂರು ಸಾರ್ಥಕ ಅಂಕಿಗಳಿಗೆ ರೌಂಡ್ ಮಾಡಬೇಕು.

1) 0.00307
2) 50.08
3) 0.0450
4) 1500
5) 100.0
6) 2.060 × 10⁻³
7) 0.0040962
8) 59,962
9) 20.046
10) 3.0149

ಹಾಳೆಯ ತಲೆಬರಹದ ಕೆಳಗೆ ಒಂದು ಸೂಚನೆ ಇದೆ ಎಂದುಕೊಳ್ಳೋಣ: "ದಶಮಾಂಶ ಬಿಂದು ಇಲ್ಲದ ಸಂಖ್ಯೆಯಲ್ಲಿ ಕೊನೆಯ ಸೊನ್ನೆಗಳನ್ನು ಸಾರ್ಥಕವೆಂದು ಎಣಿಸಬೇಡಿ." ಈ ಸಾಲು ಇಲ್ಲದಿದ್ದರೆ ನಾಲ್ಕನೆಯ ಪ್ರಶ್ನೆಗೆ ಉತ್ತರವೇ ಇಲ್ಲ. 1500 ಎಂದು ಬರೆದವರು ನೂರರ ಮಟ್ಟಕ್ಕೆ ಅಳೆದರೋ, ಹತ್ತರ ಮಟ್ಟಕ್ಕೋ, ಒಂದರ ಮಟ್ಟಕ್ಕೋ ಎನ್ನುವುದು ಆ ಬರಹದಿಂದ ಗೊತ್ತಾಗುವುದಿಲ್ಲ. ಎರಡು, ಮೂರು, ನಾಲ್ಕು ಮೂರೂ ಸಾಧ್ಯ. ಕೆಲವರು 1500. ಎಂದು ಕೊನೆಯಲ್ಲಿ ಬಿಂದು ಇಟ್ಟು ನಾಲ್ಕೂ ಸಾರ್ಥಕ ಎಂದು ತೋರಿಸುತ್ತಾರೆ, ಕೆಲವರು ಸಾರ್ಥಕವಾದ ಕೊನೆಯ ಸೊನ್ನೆಯ ಮೇಲೆ ಗೆರೆ ಎಳೆಯುತ್ತಾರೆ. ಎರಡೂ ರೂಢಿಗಳೇ. ಹಾಳೆಯಲ್ಲಿ ಯಾವ ರೂಢಿ ಎಂದು ಹೇಳದೆ ಮೌಲ್ಯಮಾಪನದಲ್ಲಿ ಅಂಕ ಕಳೆಯುವುದು ನ್ಯಾಯವಲ್ಲ. ಹೀಗಾಗಿ ತಿದ್ದಲು ಕೂರುವ ಮೊದಲು ಪ್ರಶ್ನೆಗಳನ್ನೇ ಒಮ್ಮೆ ತಿದ್ದಿಕೊಳ್ಳಿ.

## ಹಂತ 1: ಕೀ ಉತ್ತರವನ್ನು ಕೈಯಿಂದಲೇ ತಯಾರಿಸಿ

ಸೊನ್ನೆಗಳ ನಿಯಮಗಳನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: ಆರಂಭದ ಸೊನ್ನೆ ಲೆಕ್ಕಕ್ಕಿಲ್ಲ, ನಡುವಿನ ಸೊನ್ನೆ ಲೆಕ್ಕಕ್ಕಿದೆ, ಬಿಂದು ಇದ್ದರೆ ಕೊನೆಯ ಸೊನ್ನೆಯೂ ಲೆಕ್ಕಕ್ಕಿದೆ. ಆದರೆ ತಿದ್ದುವಾಗ ಮೂರು ನಿಯಮಗಳನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ಒಂದೇ ಪರೀಕ್ಷೆ ಹೆಚ್ಚು ಗಟ್ಟಿ. ಸಂಖ್ಯೆಯನ್ನು ವೈಜ್ಞಾನಿಕ ರೂಪದಲ್ಲಿ ಬರೆಯಿರಿ, ಅಂದರೆ ಬಿಂದುವಿನ ಎಡಕ್ಕೆ ಸೊನ್ನೆಯಲ್ಲದ ಒಂದೇ ಅಂಕಿ ಇರಲಿ. ಸಂಖ್ಯೆಯ ಗಾತ್ರವನ್ನು ಹತ್ತರ ಘಾತ ಹೊತ್ತುಕೊಳ್ಳುತ್ತದೆ. ಗಾತ್ರ ತೋರಿಸುವುದಕ್ಕಷ್ಟೇ ಇದ್ದ ಸೊನ್ನೆ ತಾನಾಗಿ ಉದುರುತ್ತದೆ. ಅಳತೆಯ ನಿಖರತೆ ತೋರಿಸಲು ಬಂದ ಸೊನ್ನೆ ಉಳಿಯುತ್ತದೆ.

0.00307 ಎಂಬುದು 3.07 × 10⁻³ ಆಗುತ್ತದೆ. ಎಡಗಡೆಯ ಮೂರು ಸೊನ್ನೆಗಳು ಹೋದವು, ಮೂರಕ್ಕೂ ಏಳಕ್ಕೂ ನಡುವಿನದು ಉಳಿಯಿತು, ಉತ್ತರ ಮೂರು. 0.0450 ಎಂಬುದು 4.50 × 10⁻² ಆಗುತ್ತದೆ, ಇದೂ ಮೂರು. ಏಕಮಾನ ಬದಲಿಸಿ ನೋಡಿದರೂ ಇದೇ ತೀರ್ಪು ಬರುತ್ತದೆ. 0.00307 ಮೀಟರ್ ಎಂದರೆ 3.07 ಮಿಲಿಮೀಟರ್. ಅದೇ ವಸ್ತು, ಅದೇ ಉಪಕರಣ, ಅದೇ ಅಳತೆ. ಏಕಮಾನ ಬದಲಿಸಿದ ಮಾತ್ರಕ್ಕೆ ಮಾಯವಾಗುವ ಸೊನ್ನೆ ಅಳತೆಯ ಭಾಗವಾಗಿರಲು ಸಾಧ್ಯವಿಲ್ಲ.

ಕೊನೆಯ ಸೊನ್ನೆಗೆ ಬಂದಾಗ ಪ್ರಶ್ನೆ ಬೇರೆ: ಅದನ್ನು ಅಳಿಸಿದರೆ ಮಾಹಿತಿ ಕಳೆದುಹೋಗುತ್ತದೆಯೇ? 0.0450 ಕಿಲೋಗ್ರಾಂ ಎಂದರೆ 45.0 ಗ್ರಾಂ. ಇಷ್ಟು ಬರೆದವರು ನಿಜವಾದ ತೂಕ ಸುಮಾರು 44.95ರಿಂದ 45.05 ಗ್ರಾಂ ಒಳಗಿದೆ ಎನ್ನುತ್ತಿದ್ದಾರೆ. ಬರೀ 45 ಗ್ರಾಂ ಎಂದರೆ 44.5ರಿಂದ 45.5ರವರೆಗೆ ಎಲ್ಲಿಯಾದರೂ ಇರಬಹುದು. ಹತ್ತು ಪಟ್ಟು ಅಗಲವಾದ ಅನಿಶ್ಚಿತತೆ. ತಕ್ಕಡಿ ಗ್ರಾಮಿನ ಹತ್ತನೇ ಒಂದು ಭಾಗವನ್ನು ಓದಿ ಅಲ್ಲಿ ಸೊನ್ನೆಯನ್ನೇ ಕಂಡಿತು ಎಂಬುದಕ್ಕೆ ಆ ಕೊನೆಯ ಸೊನ್ನೆ ಸಾಕ್ಷಿ.

ಹೀಗೆ ಕೀ ಉತ್ತರ ಸಿದ್ಧವಾಗುತ್ತದೆ. ಎಣಿಕೆಯ ಆರಕ್ಕೆ ಕ್ರಮವಾಗಿ 3, 4, 3, 2, 4, 4. ರೌಂಡ್ ಮಾಡುವ ನಾಲ್ಕಕ್ಕೆ 0.00410, 6.00 × 10⁴, 20.0, 3.01.

ಕೀ ಉತ್ತರವನ್ನು ಕಂಪ್ಯೂಟರಿನಿಂದ ತೆಗೆಯುವ ಅಭ್ಯಾಸವಿದ್ದರೆ ಎಚ್ಚರ ಬೇಕು. ಸ್ಪ್ರೆಡ್‌ಶೀಟ್‌ನ ಸಾಮಾನ್ಯ ಕೋಶದಲ್ಲಿ 0.0450 ಎಂದು ಟೈಪಿಸಿದರೆ ಅದು 0.045 ಎಂದು ತೋರುತ್ತದೆ. ಅದರ ಪಾಲಿಗೆ ಎರಡೂ ಒಂದೇ ಸಂಖ್ಯೆ. ಪೈಥಾನ್‌ನಲ್ಲಿ ಮೂರು ಸಾರ್ಥಕ ಅಂಕಿಗಳಿಗೆಂದು ಎಲ್ಲರೂ ಬಳಸುವ ಮೊದಲ ಸಾಲು ನಮ್ಮ ಏಳನೆಯ ಪ್ರಶ್ನೆಯಲ್ಲೇ ಕೊನೆಯ ಸೊನ್ನೆಯನ್ನು ನುಂಗುತ್ತದೆ:

```python
format(0.0040962, '.3g')    # 0.0041
format(0.0040962, '#.3g')   # 0.00410
format(59962, '.2e')        # 6.00e+04
```

`#` ಚಿಹ್ನೆ ಸೇರಿಸಿದಾಗ ಮಾತ್ರ ಸೊನ್ನೆ ಉಳಿಯುತ್ತದೆ. ಕೀ ಉತ್ತರವೇ 0.0041 ಎಂದಿದ್ದು, ಸರಿಯಾಗಿ ಬರೆದ ವಿದ್ಯಾರ್ಥಿಗೆ ಅಂಕ ಹೋದರೆ ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

## ಹಂತ 2: ಮೊದಲು ಎಣಿಕೆಯ ಭಾಗವನ್ನು ಒಟ್ಟಾಗಿ ಓದಿ

ಒಂದೊಂದೇ ಉತ್ತರಕ್ಕೆ ಸರಿ, ತಪ್ಪು ಹಾಕುತ್ತ ಹೋಗಬೇಡಿ. ಆರೂ ಉತ್ತರಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಂಡು, ಅವನ್ನೆಲ್ಲ ಹುಟ್ಟಿಸಬಲ್ಲ ಒಂದು ನಿಯಮವಿದೆಯೇ ಎಂದು ನೋಡಿ. ಒಬ್ಬ ವಿದ್ಯಾರ್ಥಿ ಹೀಗೆ ಬರೆದಿದ್ದಾನೆ ಎಂದುಕೊಳ್ಳಿ:

3, 4, 2, 2, 1, 3

ಒಂದು ಮತ್ತು ಎರಡು ಸರಿ. ಆರಂಭದ ಸೊನ್ನೆಯನ್ನು ಬಿಟ್ಟಿದ್ದಾನೆ, ನಡುವಿನದನ್ನು ಸೇರಿಸಿದ್ದಾನೆ; ಅಲ್ಲಿ ಗೊಂದಲವಿಲ್ಲ. 0.0450ಕ್ಕೆ ಎರಡು ಎಂದರೆ ಕೊನೆಯ ಸೊನ್ನೆ ಬಿಟ್ಟುಹೋಗಿದೆ. 100.0ಕ್ಕೆ ಒಂದು ಎಂದರೆ ಬಲಗಡೆಯ ಮೂರು ಸೊನ್ನೆಗಳೂ ಹೋಗಿವೆ. 2.060 × 10⁻³ಕ್ಕೆ ಮೂರು ಎಂದರೆ ಅಲ್ಲಿಯೂ ಕೊನೆಯದೇ ಹೋಗಿದೆ. ಮೂರು ತಪ್ಪು, ಕಾರಣ ಒಂದೇ: "ಕೊನೆಯಲ್ಲಿರುವ ಸೊನ್ನೆಗೆ ಬೆಲೆಯಿಲ್ಲ." 0.45 ಮತ್ತು 0.450 ಸಮ ಎಂದು ದಶಮಾಂಶದ ಪಾಠದಲ್ಲಿ ಕಲಿತದ್ದು ಇಲ್ಲಿಗೂ ಬಂದಿದೆ. ಗಣಿತದಲ್ಲಿ ಅದು ಸರಿಯೇ. ಅಳತೆಯ ವಿಷಯಕ್ಕೆ ಬಂದಾಗ ಅದು ಸಾಲದು.

ಈಗ ನಾಲ್ಕನೆಯದನ್ನು ಮತ್ತೆ ನೋಡಿ. 1500ಕ್ಕೆ ಎರಡು, ಕೀ ಉತ್ತರದ ಪ್ರಕಾರ ಸರಿ. ಆದರೆ ಈ ಹುಡುಗ ಬಿಂದು ಇದೆಯೋ ಇಲ್ಲವೋ ನೋಡಿಯೇ ಇಲ್ಲ. ಅವನ ತಪ್ಪು ನಿಯಮವೂ ಎರಡನ್ನೇ ಕೊಡುತ್ತದೆ. ಅಂಕ ಕೊಡಿ, ಆದರೆ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ. ಕುರುಡು ಹೊಡೆತದಿಂದ ಸರಿಯಾದ ಉತ್ತರವನ್ನು ತಿಳಿವಳಿಕೆ ಎಂದು ಲೆಕ್ಕ ಹಾಕಿದರೆ ರೋಗದ ಗುರುತು ತಪ್ಪುತ್ತದೆ.

ಇನ್ನೊಬ್ಬಳ ಸಾಲು ಹೀಗಿದೆ:

5, 2, 4, 0, 1, 3

ಇವಳು ಎಣಿಸುತ್ತಿರುವುದು ಸಾರ್ಥಕ ಅಂಕಿಗಳನ್ನಲ್ಲ, ಬಿಂದುವಿನ ಬಲಕ್ಕಿರುವ ಸ್ಥಾನಗಳನ್ನು. 0.00307ರಲ್ಲಿ ಐದು ದಶಮಾಂಶ ಸ್ಥಾನ, 50.08ರಲ್ಲಿ ಎರಡು, 1500ರಲ್ಲಿ ಒಂದೂ ಇಲ್ಲ. ಸೊನ್ನೆಯ ಬಗ್ಗೆ ಇವಳಿಗೆ ಎಷ್ಟು ವಿವರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಅವಳು ಬೇರೆಯೇ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾಳೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಐದನೆಯ ಮತ್ತು ಆರನೆಯ ಪ್ರಶ್ನೆಗಳಿಗೆ ಇಬ್ಬರ ಉತ್ತರವೂ ಒಂದೇ: 1 ಮತ್ತು 3. ಒಬ್ಬ ಕೊನೆಯ ಸೊನ್ನೆಗಳನ್ನು ಅಳಿಸಿ ಅಲ್ಲಿಗೆ ಬಂದ, ಇನ್ನೊಬ್ಬಳು ದಶಮಾಂಶ ಸ್ಥಾನ ಎಣಿಸಿ ಬಂದಳು. ಹಾಗಾಗಿ ಒಂದೆರಡು ಪ್ರಶ್ನೆಗಳಿಂದ ಕಾರಣ ಹೇಳಲಾಗದು. ಇಬ್ಬರನ್ನೂ ಬೇರ್ಪಡಿಸುವುದು ಮೂರನೆಯ ಪ್ರಶ್ನೆ. 0.0450 ಎಂಬ ಸಂಖ್ಯೆಗೆ ಸರಿಯಾದ ನಿಯಮ 3, ಕೊನೆಯ ಸೊನ್ನೆ ಬಿಡುವವರು 2, ದಶಮಾಂಶ ಸ್ಥಾನ ಎಣಿಸುವವರು 4, ಕಂಡ ಅಂಕಿಗಳನ್ನೆಲ್ಲ ಎಣಿಸುವವರು 5 ಕೊಡುತ್ತಾರೆ. ಇಡೀ ಹಾಳೆಯಲ್ಲಿ ಒಂದೇ ಪ್ರಶ್ನೆ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಅದಕ್ಕೂ ಒಂದು ಮಿತಿಯಿದೆ. "ಸೊನ್ನೆ ಎಲ್ಲಿದ್ದರೂ ಸೊನ್ನೆಯೇ" ಎಂದು ಎಲ್ಲವನ್ನೂ ಬಿಡುವವರೂ 0.0450ಕ್ಕೆ 2 ಎಂದೇ ಬರೆಯುತ್ತಾರೆ. ಅವರನ್ನು ಹಿಡಿಯುವುದು ನಡುವಿನ ಸೊನ್ನೆ: 50.08ಕ್ಕೆ ಅವರ ಉತ್ತರ ನಾಲ್ಕರ ಬದಲು ಎರಡು. ಅವರ ಪೂರ್ತಿ ಸಾಲು 2, 2, 2, 2, 1, 2 ಎಂದು ಬರುತ್ತದೆ. ಸಾಲಿನಲ್ಲಿ ಎರಡುಗಳೇ ತುಂಬಿದ್ದರೆ ಮೊದಲು ಇದನ್ನೇ ಅನುಮಾನಿಸಿ.

## ಹಂತ 3: ರೌಂಡ್ ಮಾಡಿದ ಉತ್ತರಗಳಲ್ಲಿ ಅದೇ ನಿಯಮದ ಹೆಜ್ಜೆಗುರುತು ಹುಡುಕಿ

ಎಣಿಕೆಯಲ್ಲಿ ಊಹಿಸಿದ ಕಾರಣ ಸರಿಯೋ ಅಲ್ಲವೋ ಎಂಬುದು ಎರಡನೆಯ ಭಾಗದಲ್ಲಿ ಖಚಿತವಾಗುತ್ತದೆ. ಮೊದಲ ವಿದ್ಯಾರ್ಥಿಯ ಉತ್ತರಗಳು 0.0041, 60000, 20 ಮತ್ತು 3.01. ಕೊನೆಯದು ಸರಿ, ಅಲ್ಲಿ ನಡುವಿನ ಸೊನ್ನೆ ಮಾತ್ರ ಇತ್ತು, ಅದರಲ್ಲಿ ಅವನಿಗೆ ತೊಂದರೆಯಿಲ್ಲ. ಉಳಿದ ಮೂರರಲ್ಲೂ ರೌಂಡ್ ಮಾಡಿದ ಮೇಲೆ ಹುಟ್ಟಿದ ಕೊನೆಯ ಸೊನ್ನೆಯನ್ನು ಅಲಂಕಾರವೆಂದು ಅಳಿಸಿದ್ದಾನೆ, ಇಲ್ಲವೇ ಅದು ಸಾರ್ಥಕ ಎಂದು ತೋರಿಸುವ ಅಗತ್ಯ ಅವನಿಗೆ ಕಂಡಿಲ್ಲ. ಊಹೆ ಗಟ್ಟಿಯಾಯಿತು. ಹತ್ತರಲ್ಲಿ ನಾಲ್ಕು ಉತ್ತರ ಮಾತ್ರ ಪೂರ್ತಿ ಸರಿಯಿದ್ದರೂ ಸರಿಪಡಿಸಬೇಕಾದದ್ದು ಒಂದೇ ವಿಷಯ.

ಏಳನೆಯದನ್ನು ಬಿಡಿಸಿ ನೋಡೋಣ. 0.0040962ರಲ್ಲಿ ಎಣಿಕೆ ಶುರುವಾಗುವುದು 4ರಿಂದ. ಮೂರು ಸಾರ್ಥಕ ಅಂಕಿಗಳು 4, 0, 9, ಮುಂದಿನದು 6. ಆರು ಐದಕ್ಕಿಂತ ದೊಡ್ಡದಾದ್ದರಿಂದ 9ಕ್ಕೆ ಒಂದು ಸೇರುತ್ತದೆ, 09 ಎಂಬುದು 10 ಆಗುತ್ತದೆ. ಹೀಗಾಗಿ 0.00410. ಮೂಲ ಸಂಖ್ಯೆಯಲ್ಲಿ ಇಲ್ಲದ ಕೊನೆಯ ಸೊನ್ನೆ ಇಲ್ಲಿ ರೌಂಡಿಂಗ್‌ನಿಂದಲೇ ಹುಟ್ಟಿದೆ, ನಡುವಿನ ಸೊನ್ನೆ 1 ಆಗಿ ಬದಲಾಗಿದೆ. ವಿದ್ಯಾರ್ಥಿಗಳು ಗಲಿಬಿಲಿಗೊಳ್ಳುವುದು ಈ ಕಾರಣಕ್ಕೆ. ಬೆಳಕಿನ ವೇಗ ಇದಕ್ಕೆ ಒಳ್ಳೆಯ ಉದಾಹರಣೆ: ನಿರ್ವಾತದಲ್ಲಿ ಸೆಕೆಂಡಿಗೆ 299792458 ಮೀಟರ್. ಮೂರು ಸಾರ್ಥಕ ಅಂಕಿಗಳಿಗೆ ತಂದರೆ 3.00 × 10⁸. ಬರೀ 3 × 10⁸ ಎಂದರೆ ಒಂದೇ ಅಂಕಿಯ ಭರವಸೆ, 3.00 ಎಂದರೆ ಮೂರು ಅಂಕಿಗಳದು.

ಎಂಟನೆಯ ಪ್ರಶ್ನೆ ಅದೇ ಜಾತಿಯದು, ಆದರೆ ಇಲ್ಲಿ ತಪ್ಪು ಮೂರು ಬಗೆಯಲ್ಲಿ ಬರುತ್ತದೆ. 59,962ರ ಮೊದಲ ಮೂರು ಅಂಕಿಗಳು 599. ಮುಂದಿನ 6ರಿಂದಾಗಿ ಅದು 600 ಆಗುತ್ತದೆ. ಇಲ್ಲಿಗೇ ನಿಲ್ಲಿಸಿ 600 ಎಂದು ಬರೆಯುವವರು ಮೊದಲ ಬಗೆಯವರು. ಅರವತ್ತು ಸಾವಿರ ಇದ್ದದ್ದು ಆರುನೂರಾಯಿತು. ಸ್ಥಾನ ಕಾಯುವ ಸೊನ್ನೆ ಸಾರ್ಥಕವಲ್ಲ ಎಂದರೆ ಅದನ್ನು ಬಿಸಾಡಬಹುದು ಎಂದು ಅವರು ತಿಳಿದಿದ್ದಾರೆ. ಎರಡನೆಯವರು 59,900 ಎಂದು ಬರೆಯುತ್ತಾರೆ. ಇದು ರೌಂಡ್ ಮಾಡುವ ಬದಲು ಕತ್ತರಿಸಿದ್ದು, ಸೊನ್ನೆಗೂ ಇದಕ್ಕೂ ಸಂಬಂಧವಿಲ್ಲ. ಮೂರನೆಯವರು 60000 ಎನ್ನುತ್ತಾರೆ. ಬೆಲೆ ಸರಿಯಿದೆ, ಆದರೆ ಹಾಳೆಯ ರೂಢಿಯ ಪ್ರಕಾರ ಅದರಲ್ಲಿ ಕಾಣುವುದು ಒಂದೇ ಸಾರ್ಥಕ ಅಂಕಿ. ನಾನಾದರೆ ಇದಕ್ಕೆ ಅರ್ಧ ಅಂಕ ಕೊಟ್ಟು, ವೈಜ್ಞಾನಿಕ ರೂಪದಲ್ಲಿ ಮತ್ತೆ ಬರೆಯಲು ಹೇಳುತ್ತೇನೆ. ಮೂರನ್ನೂ ಒಂದೇ ಬಗೆಯ ತಪ್ಪೆಂದು ಕೆಂಪು ಹಾಕುವುದು ಸರಿಯಲ್ಲ.

ಆರಂಭದ ಸೊನ್ನೆಗಳನ್ನೂ ಎಣಿಸುವವರು ಇದ್ದಾರೆ. ಅವರ ಗುಟ್ಟು ಏಳನೆಯದರಲ್ಲಿ ಬಯಲಾಗುತ್ತದೆ. ಮೊದಲ ಮೂರು ಅಂಕಿಗಳೆಂದು 0, 0, 0 ಹಿಡಿದು 0.00 ಎಂದು ಬರೆಯುತ್ತಾರೆ. ಅಳತೆಯೇ ಮಾಯ! ಇವರಿಗೆ ಮಾಡಿಸಬೇಕಾದದ್ದು ಏಕಮಾನ ಬದಲಾವಣೆ: 0.0040962 ಮೀಟರನ್ನು 4.0962 ಮಿಲಿಮೀಟರ್ ಎಂದು ಬರೆದು ಅದನ್ನು ರೌಂಡ್ ಮಾಡಲಿ. 4.10 ಬಂದ ಮೇಲೆ ಮತ್ತೆ ಮೀಟರಿಗೆ ಮರಳಲಿ. ದಶಮಾಂಶ ಸ್ಥಾನ ಎಣಿಸುವವಳ ಉತ್ತರ ಇದಕ್ಕಿಂತ ಬೇರೆ: 0.004. ಇನ್ನುಳಿದವು 59,962, 20.046 ಮತ್ತು 3.015 ಎಂದು ಬರುತ್ತವೆ. ಎಲ್ಲದರಲ್ಲೂ ಬಿಂದುವಿನ ಬಳಿಕ ಮೂರು ಸ್ಥಾನ. ಬಿಂದುವೇ ಇಲ್ಲದ ಸಂಖ್ಯೆಯನ್ನು ಅವಳು ಮುಟ್ಟಿಯೇ ಇಲ್ಲ.

ಹತ್ತನೆಯ ಪ್ರಶ್ನೆಯಲ್ಲಿ ಒಂದು ಬಲೆ ಇದೆ. 3.0149ರ ಸರಿಯುತ್ತರ 3.01. ಆದರೆ 3.02 ಎಂಬ ಉತ್ತರ ಕಂಡರೆ ಸೊನ್ನೆಯನ್ನು ದೂರಬೇಡಿ. ಅವರು ಮೊದಲು ಕೊನೆಯ 9 ನೋಡಿ 3.015 ಮಾಡಿದ್ದಾರೆ, ಆಮೇಲೆ 5 ನೋಡಿ 3.02 ಮಾಡಿದ್ದಾರೆ. ರೌಂಡ್ ಮಾಡುವುದು ಒಂದೇ ಸಲ, ಮೂಲ ಸಂಖ್ಯೆಯಿಂದ. ಇಲ್ಲಿ ನೋಡಬೇಕಾದದ್ದು ಉಳಿಸುವ ಕೊನೆಯ ಅಂಕಿಯ ನಂತರದ 4 ಮಾತ್ರ.

## ನಡುವೆ ಬರುವ ಐದು

ಕತ್ತರಿಸುವ ಭಾಗ ಸರಿಯಾಗಿ 5 ಆಗಿದ್ದು ಅದರ ಮುಂದೆ ಸೊನ್ನೆಯ ಹೊರತು ಏನೂ ಇಲ್ಲದಿದ್ದರೆ ಎರಡು ರೂಢಿಗಳಿವೆ. ಯಾವಾಗಲೂ ಮೇಲಕ್ಕೆ ಏರಿಸುವುದು ಒಂದು; ಉಳಿಯುವ ಅಂಕಿ ಸಮಸಂಖ್ಯೆಯಾಗುವಂತೆ ಏರಿಸುವುದು ಅಥವಾ ಹಾಗೆಯೇ ಬಿಡುವುದು ಇನ್ನೊಂದು. 6.105ನ್ನು ಮೂರು ಅಂಕಿಗಳಿಗೆ ತಂದರೆ ಮೊದಲ ರೂಢಿಯಲ್ಲಿ 6.11, ಎರಡನೆಯದರಲ್ಲಿ 6.10. ಸೊನ್ನೆ ಸಮಸಂಖ್ಯೆ ಎಂಬುದನ್ನು ಮರೆತು ಎರಡನೆಯ ರೂಢಿಯಲ್ಲೂ 6.11 ಬರೆಯುವವರಿದ್ದಾರೆ, 6.1 ಎಂದು ಬರೆದು ಕೊನೆಯ ಸೊನ್ನೆ ಕಳೆಯುವವರೂ ಇದ್ದಾರೆ. 6.1051 ಆಗಿದ್ದರೆ ಈ ಚರ್ಚೆಯೇ ಇಲ್ಲ. ಅದು ಅರ್ಧಕ್ಕಿಂತ ಹೆಚ್ಚು, ಎರಡೂ ರೂಢಿಯಲ್ಲಿ 6.11. ಯಾವ ರೂಢಿ ಎಂದು ಹಾಳೆಯಲ್ಲಿ ಬರೆಯಲು ಮನಸ್ಸಿಲ್ಲದಿದ್ದರೆ ಇಂಥ ಪ್ರಶ್ನೆ ಕೊಡದಿರುವುದೇ ಲೇಸು.

## ನಿಯಮ ಸೋಲುವ ಜಾಗ

ಎರಡು ಬಗೆಯ ಸಂಖ್ಯೆಗಳನ್ನು ಎಣಿಕೆಯ ಪ್ರಶ್ನೆಯಲ್ಲಿ ಸೇರಿಸಬೇಡಿ. ಒಂದು, ಎಣಿಸಿ ಹೇಳಿದ ಅಥವಾ ವ್ಯಾಖ್ಯೆಯಿಂದ ಬಂದ ಸಂಖ್ಯೆ. ಒಂದು ಮೀಟರಿಗೆ 100 ಸೆಂಟಿಮೀಟರ್ ಎಂಬಲ್ಲಿನ ನೂರು ಅಳತೆಯಲ್ಲ, ಅದಕ್ಕೆ ಅನಿಶ್ಚಿತತೆಯಿಲ್ಲ, ಹಾಗಾಗಿ ಸಾರ್ಥಕ ಅಂಕಿಗಳ ಎಣಿಕೆಯೂ ಅನ್ವಯಿಸುವುದಿಲ್ಲ. ಇನ್ನೊಂದು, ಓದಿದ ಬೆಲೆಯೇ ಸೊನ್ನೆ ಆಗಿರುವುದು. ತಾಪಮಾಪಕ 0.0 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಅಲ್ಲಿ ಸೊನ್ನೆಯಲ್ಲದ ಅಂಕಿಯೇ ಇಲ್ಲ; ಆರಂಭ ಯಾವುದು, ಕೊನೆ ಯಾವುದು ಎಂದು ಹೇಳಲು ಆಧಾರವಿಲ್ಲ. ಅಲ್ಲಿ ಡಿಗ್ರಿಯ ಹತ್ತನೇ ಒಂದು ಭಾಗದವರೆಗೆ ಓದಲಾಗಿದೆ ಎಂದು ಹೇಳುವುದೇ ಸರಿಯಾದ ಮಾತು.

## ಹಂತ 4: ಮರುಪರೀಕ್ಷೆ

ತಿದ್ದಿದ ಹಾಳೆಯನ್ನು ಹಿಂದಿರುಗಿಸುವಾಗ ಎಲ್ಲರಿಗೂ ಒಂದೇ ಹೊಸ ಹಾಳೆ ಕೊಟ್ಟರೆ ಪತ್ತೆ ಮಾಡಿದ್ದೆಲ್ಲ ವ್ಯರ್ಥ. ಕಾರಣಕ್ಕೆ ತಕ್ಕಂತೆ ಎರಡು ಮೂರು ಸಂಖ್ಯೆ ಸಾಕು.

ಕೊನೆಯ ಸೊನ್ನೆ ಬಿಡುವವನಿಗೆ 8.30, 8.3 ಮತ್ತು 8.300 ಕೊಟ್ಟು, ಪ್ರತಿಯೊಂದರ ಎದುರು ನಿಜವಾದ ಬೆಲೆ ಯಾವ ಎರಡು ಸಂಖ್ಯೆಗಳ ನಡುವೆ ಇರಬಹುದು ಎಂದು ಬರೆಸಿ. 8.295ರಿಂದ 8.305, 8.25ರಿಂದ 8.35, 8.2995ರಿಂದ 8.3005 ಎಂದು ತಾನೇ ಬರೆದ ಮೇಲೆ ಮೂರೂ ಒಂದೇ ಎಂದು ಅವನು ಹೇಳುವುದಿಲ್ಲ. ಬಳಿಕ 1500 ಮತ್ತು 1500.0 ಜೋಡಿಯನ್ನು ಕೊಡಿ. ಎರಡಕ್ಕೂ 2 ಎಂದರೆ ಅವನು ಇನ್ನೂ ಬಿಂದುವನ್ನು ನೋಡುತ್ತಿಲ್ಲ; ಮೊದಲನೆಯದಕ್ಕೆ 2, ಎರಡನೆಯದಕ್ಕೆ 5 ಎಂದರೆ ಹಿಂದಿನ ಹಾಳೆಯಲ್ಲಿ ಇಟ್ಟ ಚುಕ್ಕೆಯನ್ನು ಅಳಿಸಬಹುದು.

ದಶಮಾಂಶ ಸ್ಥಾನ ಎಣಿಸುವವಳಿಗೆ ಒಂದೇ ಅಳತೆಯನ್ನು ಮೂರು ಏಕಮಾನಗಳಲ್ಲಿ ಕೊಡಿ: 7.02 ಸೆಂಟಿಮೀಟರ್, 70.2 ಮಿಲಿಮೀಟರ್, 0.0702 ಮೀಟರ್. ಅವಳ ನಿಯಮ ಇವಕ್ಕೆ 2, 1, 4 ಎನ್ನುತ್ತದೆ. ಒಂದೇ ಅಳತೆಗೆ ಮೂರು ಉತ್ತರ ಹೇಗೆ ಬಂತು ಎಂದು ಅವಳನ್ನೇ ಕೇಳಿ. ನಡುವಿನ ಸೊನ್ನೆ ಬಿಡುವವರಿಗೆ 4.007 ಸಾಕು: ಸೊನ್ನೆ ತೆಗೆದು 47 ಎಂಬ ಎರಡು ಅಂಕಿ ಉಳಿಸಿದರೆ, ಹತ್ತನೆಯ ಮತ್ತು ನೂರನೆಯ ಸ್ಥಾನಗಳಲ್ಲಿ ಏನನ್ನು ಓದಿದ್ದೇವೆ ಎಂದು ಅವರು ಹೇಳಲಾರರು. ಸೊನ್ನೆಯನ್ನೇ ಓದಿದ್ದರು, ಸಾವಿರನೆಯ ಸ್ಥಾನದ 7 ಓದಲು ಅವೆರಡನ್ನೂ ದಾಟಿಯೇ ಬರಬೇಕಿತ್ತು.